ಎರಡು ಸಾಲಿನ ಡಬ್ಬಿ

ಶಬನಮ್ ಬಿ.ಇ. ಮುಗಿಸಿ ಎರಡು ತಿಂಗಳಾಗಿತ್ತು. ಹೋದ ವಾರ ಜಾವಾ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗಿದ್ದಳು. ಬೈಲಹೊಂಗಲ ಬಸ್ ಸ್ಟ್ಯಾಂಡಿನಿಂದ ಕಿತ್ತೂರು, ಸವದತ್ತಿ, ರಾಮದುರ್ಗಕ್ಕೆ ಹೋಗುವ ಬಸ್ಸುಗಳ ವೇಳೆ ತೋರಿಸುವ ಪೇಜನ್ನೂ ತಾನೇ ಮಾಡಿ ಇಂಟರ್ನೆಟ್ಟಿಗೆ ಏರಿಸಿದ್ದಳು. ಹುಬ್ಬಳ್ಳಿಯ ಕಂಪನಿಯಲ್ಲಿದ್ದ ಸೀನಿಯರ್ ಐಶ್ವರ್ಯಾ ಫೋನ್ ಮಾಡಿ, "ಎರಡನ್ನೂ ಇವತ್ತ ಲಿಂಕ್ಡ್‌ಇನ್‌ನ್ಯಾಗ ಹಾಕು. ನಮ್ಮ ಸಾಹೇಬರಿಗೆ ತೋರಸ್ತೇನಿ, ಅವರಿಗೊಬ್ಬರು ಬೇಕಾಗ್ಯಾರ" ಅಂದಿದ್ದಳು.

ಎರಡು ಸಾವಿರದ ಒಂಬತ್ತನೆಯ ಇಸವಿ. ಆಗ ಲಿಂಕ್ಡ್‌ಇನ್‌ನಲ್ಲಿ ಬರೆಯಲು ಇದ್ದದ್ದು ಒಂದು ಪುಟ್ಟ ಡಬ್ಬಿ. ಎರಡು ಸಾಲು ತುಂಬಿತೋ, ಮುಂದಕ್ಕೆ ಒಂದಕ್ಷರ ತಗೊಳ್ಳದು.

ಶ್ರೀಶೈಲನ ಸೈಬರ್ ಕೆಫೆಯಲ್ಲಿ ಕುಳಿತ ಈ ಹುಡುಗಿ ಮಾಡಿದ್ದೇನು? ಮೊದಲು ತಂದೆ ಬುಡನಸಾಬರಿಗೆ ವಂದನೆ. ಆಮೇಲೆ ಬಸ್ಸಿನ ವೇಳೆ ಹೇಳಿಕೊಟ್ಟ ಸ್ಟ್ಯಾಂಡಿನ ಕಂಟ್ರೋಲರ್ ಗಂಗಯ್ಯನವರಿಗೆ. ಆಮೇಲೆ ಪುಕ್ಕಟೆ ಕಂಪ್ಯೂಟರ್ ಬಿಟ್ಟುಕೊಟ್ಟ ಶ್ರೀಶೈಲನಿಗೆ. ಅಷ್ಟರಲ್ಲಿ ಡಬ್ಬಿ ತುಂಬಿತು! ಸರ್ಟಿಫಿಕೇಟೂ ಇಲ್ಲ, ಪೇಜೂ ಇಲ್ಲ.

"ಭಲೇ, ಪಾಸಾದವರು ನಾವು ಮೂರು ಮಂದಿನೇ ಏನು?" ಎಂದು ಶ್ರೀಶೈಲ ನಕ್ಕ. "ಮೊದಲ ನನ್ನ ಹೆಸರು ತಗಿ."

ಪೇಜು ನೋಡಲು ಬಂದಿದ್ದ ಗಂಗಯ್ಯನವರೂ ತಲೆಯಾಡಿಸಿದರು. "ನನ್ನದೂ ತಗಿಯವ್ವ. ದಿನಾ ಸ್ಪೀಕರ್‌ನ್ಯಾಗ ಒದರತೇನಿ, ಇನ್ನೆಷ್ಟ ಹೆಸರು ಬೇಕು ನನಗ?"

ತೆಗೆದಳು. ಆದರೂ ಜಾಗ ಸಾಲದು. ಉಳಿದದ್ದು ತಂದೆಯ ಹೆಸರು. ಅದಕ್ಕೆ ಮಾತ್ರ ಅವಳ ಬೆರಳು ಏಳಲೊಲ್ಲದು. ಟೆಂಪೊ ಹೊಡೆದು ಓದಿಸಿದವರನ್ನು ಅಳಿಸಿ ನೌಕರಿ ಕೇಳುವುದೇ?

ಹೊರಗೆ ಟೆಂಪೊ ನಿಲ್ಲಿಸಿ ಬಂದ ಬುಡನಸಾಬರಿಗೆ ಶ್ರೀಶೈಲ ಎಲ್ಲ ಹೇಳಿದ.

"ಅಳಿಸವಾ," ಎಂದರು ಬುಡನಸಾಬರು. "ಪರೀಕ್ಷೆ ನಾ ಬರದೇನೇನು?"

ಶಬನಮ್ ತುಟಿ ಕಚ್ಚಿ ಅಳಿಸಿದಳು. ಮತ್ತೆ ಬರೆದು, ಅದರ ಅರ್ಥವನ್ನು ಕನ್ನಡದಲ್ಲಿ ಎಲ್ಲರಿಗೂ ಹೇಳಿದಳು: "ಜಾವಾ ಸರ್ಟಿಫಿಕೇಟ್ ಪರೀಕ್ಷೆ ಪಾಸಾದೆ. ನಮ್ಮೂರ ಬಸ್ಸಿನ ವೇಳೆ ತೋರಿಸುವ ಸಣ್ಣ ಪೇಜು ಮಾಡಿದ್ದೇನೆ. ತಪ್ಪಿದ್ದರೆ ತಿಳಿಸಿರಿ."

"ಸಣ್ಣ ಅಂತ ಯಾಕ?" ಎಂದು ಗಂಗಯ್ಯನವರು ಗುರ್ ಅಂದರು. "ನಾಲ್ಕೂರಿನ ಮಂದಿ ಇದನ್ನ ನಂಬಿ ಮನಿ ಬಿಡತಾರ."

"ಇರಲಿ ಬಿಡ್ರಿ ಕಾಕಾ," ಎಂದು ಅವಳು ಬಟನ್ ಒತ್ತಿದಳು.

ಚಹಾ ಬಂತು. ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಐಶ್ವರ್ಯಾಳ ಉತ್ತರ ಕೆಳಗೆ ಮೂಡಿತ್ತು. ಸಾಹೇಬರು ಪೇಜು ತೆರೆದು ತಮ್ಮೂರು ರಾಮದುರ್ಗದ ಬಸ್ಸು ನೋಡಿದರಂತೆ, ವೇಳೆ ಸರಿಯಾಗಿದೆಯಂತೆ, ಸೋಮವಾರ ಇಂಟರ್‌ವ್ಯೂಗೆ ಬರಬೇಕಂತೆ. ಶಬನಮ್‌ಳ ಕಣ್ಣು ತುಂಬಿದವು.

ಬುಡನಸಾಬರು ಮಾತ್ರ ಪರದೆಗೆ ಮುಖ ಹಚ್ಚಿ, ಅವಳು ಬರೆದ ಸಾಲಿನ ಮೇಲ್ಗಡೆ ದಪ್ಪಗೆ ಕಾಣುತ್ತಿದ್ದ ಅವಳ ಪೂರ್ತಿ ಹೆಸರಿನ ಮೇಲೆ ಬೆರಳಿಟ್ಟಿದ್ದರು. ಗಾಡಿಗಳ ನಂಬರ್ ಪ್ಲೇಟಿನಿಂದ ಕಲಿತ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಶಬನಮ್ ಬುಡನಸಾಬ ನದಾಫ.

"ಅಳಿಸು ಅಂದ್ರೂ ಹೋಗಿಲ್ಲ ನೋಡ್ರಿ ಗಂಗಯ್ಯನವರ," ಎಂದು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಾ ನಡುವ ಕುಂತೇನಿ."