ನಾಲ್ಕನೆಯ ಹೆಸರು

"ತೀರಿಕೊಂಡವರ ತಾಯಿ ಇದ್ದಾರಾ?" ಪತ್ರ ಬರಹಗಾರ ಕನ್ನಡಕವನ್ನು ಹಣೆಗೇರಿಸಿ ಕೇಳಿದ.

ನೋಂದಣಿ ಕಚೇರಿಯ ಎದುರಿನ ಕೋಣೆ. ಒಂದು ಮೇಜು, ಒಂದು ಪ್ರಿಂಟರ್, ನಾಲ್ಕೈದು ಕುರ್ಚಿ. ಕಾಲಿಗೆ ಹಗ್ಗ ಸುತ್ತಿದ ಕುರ್ಚಿಯ ಮೇಲೆ ಅವಳು ಕೂತಿದ್ದಳು, ಗಂಡ ಹೋಗಿ ಏಳು ತಿಂಗಳಾಗಿತ್ತು. ಆಚೀಚೆ ಮಗ, ಮಗಳು. ವಾರಸುದಾರರ ಪಟ್ಟಿ ಬರೆದವಳು ಅವಳೇ. ಅದರಲ್ಲಿ ಮೂರು ಹೆಸರಿದ್ದವು.

"ಅಜ್ಜಿ ಚಿಕ್ಕಪ್ಪನ ಮನೇಲಿದ್ದಾರೆ," ಎಂದಳು ಮಗಳು.

"ಎಲ್ಲಿದ್ರೇನು, ಇದ್ದಾರಲ್ಲ. ಹಂಗಾದ್ರೆ ಪಾಲು ಮೂರಲ್ಲ, ನಾಲ್ಕು."

"ಇದು ತಾತನ ಆಸ್ತಿ ಅಲ್ಲ ಸಾರ್," ಮಗ ಮುಂದೆ ಬಾಗಿದ. "ಅಪ್ಪ ಎಲೆಕ್ಟ್ರಿಷಿಯನ್ ಕೆಲಸ ಮಾಡಿ ಸ್ವಂತ ದುಡಿದು ಕಟ್ಟಿದ್ದು."

"ಅದಕ್ಕೇ ಹೇಳ್ತಿರೋದು. ಸ್ವಂತ ಸಂಪಾದನೆ, ಉಯಿಲು ಬರೆದಿಲ್ಲ. ಹೆಂಡತಿ, ಮಗ, ಮಗಳು, ತಾಯಿ. ತಲೆಗೆ ಕಾಲು ಭಾಗ. ಯಾರಿಗೂ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಅಮ್ಮಂಗೆ ಅರ್ಧ ಬರುತ್ತೆ ಅಂದ್ಕೊಂಡಿದ್ವಿ."

"ಎಲ್ಲರೂ ಹಂಗೇ ಅಂದ್ಕೋತಾರೆ. ಅದರಿಂದಲೇ ನನ್ನ ಹೊಟ್ಟೆ ತುಂಬ್ತಿರೋದು."

ಅವಳಿಗೆ ಅತ್ತೆಯ ಹೆಸರು ಮರೆತುಹೋಗಿರಲಿಲ್ಲ. ಪಟ್ಟಿ ಬರೆಯುವಾಗ ಮೂರನೆಯ ಹೆಸರಿನ ಕೆಳಗೆ ಪೆನ್ನು ಒಂದು ಗಳಿಗೆ ನಿಂತಿತ್ತು. ಬಟ್ಟೆ ಒಣಹಾಕುವ ತಂತಿಯ ವಿಷಯಕ್ಕೆ ಆರು ವರ್ಷದ ಹಿಂದೆ ಜಗಳವಾಗಿ, ಅತ್ತೆ ಒಂದು ಚೀಲ ಹಿಡಿದು ಕಿರಿಯ ಮಗನ ಮನೆಗೆ ಹೋಗಿದ್ದರು. ಆಮೇಲೆ ಇಬ್ಬರ ನಡುವೆ ಮಾತೇ ಇರಲಿಲ್ಲ, ಸಾವಿನ ದಿನವೂ.

ಮನೆ ಮಾರುವುದೆಂದು ಮಕ್ಕಳು ತೀರ್ಮಾನಿಸಿದ್ದರು. ಕೊಳ್ಳುವವನು ಸಿಕ್ಕಿದ್ದ. ಮಗನ ಫ್ಲ್ಯಾಟಿನಲ್ಲಿ ಅವಳಿಗೊಂದು ಮಂಚ ನಿಗದಿಯಾಗಿತ್ತು. ಅವಳು ತಲೆಯಾಡಿಸಿದ್ದಳು. ಆ ಮನೆ ಬಿಟ್ಟು ಇರಬಲ್ಲೆಯಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮುಂದಿನ ವಾರ ಮೈದುನ ಅತ್ತೆಯನ್ನು ಪತ್ರ ಬರಹಗಾರನಲ್ಲಿಗೆ ಕರೆತಂದ. ಅತ್ತೆ ಕುಗ್ಗಿದ್ದರು. ಚೀಲ ಮಾತ್ರ ಅದೇ. ಕಾಲು ಭಾಗವನ್ನು ಮೊಮ್ಮಗನಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ಮೇಜಿನ ಮೇಲೆ ಸಿದ್ಧವಾಗಿತ್ತು.

"ನಂಗೇನೂ ಇಲ್ವಾ?" ಮೈದುನ ನಕ್ಕ.

"ತಮ್ಮನಿಗೆ ಇಲ್ಲ. ತಾಯಿ, ಹೆಂಡತಿ, ಮಕ್ಕಳು ಇರುವಾಗ ನಿಮ್ಮ ಸರದಿ ಬರಲ್ಲ."

ಅತ್ತೆ ಕಾಗದವನ್ನು ದೂರ ಹಿಡಿದು ನೋಡಿದರು. "ಯಾವ ಕಾಲು ಭಾಗ ನಂದಪ್ಪಾ? ಆ ನನ್ನ ಕೋಣೆಯಾ?"

"ವಿಭಾಗ ಆಗೋವರೆಗೂ ಇದೇ ಅಂತ ತೋರಿಸೋಕಾಗಲ್ಲ ಅಜ್ಜಿ. ಪ್ರತಿ ಇಟ್ಟಿಗೆಯಲ್ಲೂ ಕಾಲು ಭಾಗ ನಿಮ್ಮದು."

"ಬಚ್ಚಲಲ್ಲೂ?"

"ಬಚ್ಚಲಲ್ಲೂ."

"ಬಟ್ಟೆ ತಂತೀಲೂ ಅನ್ನಿ."

ಅವಳು ತಲೆ ತಗ್ಗಿಸಿದಳು.

"ಸಹಿ ಹಾಕದಿದ್ರೆ ಏನಾಗುತ್ತೆ?" ಅತ್ತೆ ಕೇಳಿದರು.

"ಇಡೀ ಮನೆ ಮಾರೋಕಾಗಲ್ಲ. ಬೇಕಾದವರು ತಮ್ಮ ಪಾಲಷ್ಟೇ ಮಾರಬಹುದು. ಅದನ್ನ ಮೊದಲು ಕೊಳ್ಳೋ ಹಕ್ಕು ಉಳಿದ ಪಾಲುದಾರರದ್ದು. ಇಲ್ಲ ಅಂದ್ರೆ ವಿಭಾಗ ಕೇಳಿ ಕೋರ್ಟಿಗೆ ಹೋಗ್ಬೇಕು."

"ಅಜ್ಜೀ, ಸುಮ್ನೆ ಹಾಕಿ," ಎಂದ ಮಗ.

ಅತ್ತೆ ಪೆನ್ನು ತೆಗೆದುಕೊಂಡರು. ಆಮೇಲೆ ಆರು ವರ್ಷದಲ್ಲಿ ಮೊದಲ ಸಲ ಸೊಸೆಯ ಕಡೆ ತಿರುಗಿದರು. "ನಿಂಗೆ ಮಾರೋಕೆ ಇಷ್ಟಾನಾ?"

ಪ್ರಿಂಟರ್ ಯಾರದೋ ಪತ್ರ ಉಗುಳುತ್ತಿತ್ತು. ಅದು ನಿಲ್ಲುವವರೆಗೂ ಅವಳು ಕಾದಳು.

"ಇಲ್ಲ. ನಾನು ಅಲ್ಲೇ ಇರ್ತೀನಿ."

"ಹಂಗಾದ್ರೆ ನಾನೂ." ಅತ್ತೆ ಪೆನ್ನಿಗೆ ಮುಚ್ಚಳ ಹಾಕಿದರು.

ಮಗ ಎದ್ದು ನಿಂತ. "ಒಬ್ಬರ ಮುಖ ಒಬ್ಬರು ನೋಡಲ್ಲ, ಮಾತಾಡಲ್ಲ. ಒಂದೇ ಮನೇಲಿ ಏನ್ ಮಾಡ್ತೀರಿ ಇಬ್ರೂ?"

"ಮಾತಾಡದವರಿಗೆ ಪಾಲು ಕಮ್ಮಿ ಅಂತ ಇದೆಯೇನಪ್ಪಾ?" ಅತ್ತೆ ಪತ್ರ ಬರಹಗಾರನನ್ನು ಕೇಳಿದರು.

"ಇಲ್ಲ ಅಜ್ಜಿ," ಎಂದು ಅವನು ಕಾಗದವನ್ನು ಎರಡಾಗಿ ಮಡಚಿದ.

ಮಗಳು ಹೊರಗೆ ಹೋಗಿ ಫೋನು ಕಿವಿಗಿಟ್ಟಳು. ಮಗ ಹೇಳದೆ ಹೊರಟುಹೋದ. ಅವನು ಕೋರ್ಟಿಗೆ ಹೋದಾನು. ಅದು ಅವಳಿಗೆ ಗೊತ್ತಿತ್ತು.

ಮೈದುನನ ಕಾರು ಇಬ್ಬರನ್ನೂ ಮನೆ ಬಾಗಿಲಲ್ಲಿ ಇಳಿಸಿದಾಗ ಸಂಜೆ. ಅತ್ತೆ ನೇರ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಡುಗೆಮನೆಯಲ್ಲಿ ಅವಳು ಟೀಗೆ ನೀರಿಟ್ಟಳು. ಏಳು ತಿಂಗಳ ಅಭ್ಯಾಸ, ಒಂದೇ ಲೋಟದ ಅಳತೆ. ಇನ್ನೊಂದು ಲೋಟ ನೀರು ಸೇರಿಸಿದಳು. ಮುಚ್ಚಿದ ಬಾಗಿಲ ಹಿಂದೆ ಟಕ್ ಎಂದಿತು. ಮತ್ತೆ ಟಕ್. ಬಾಗಿಲ ಕೆಳಗೆ ಕತ್ತಲೆಯೇ. ಅತ್ತೆ ಹೋದ ಮೇಲೆ ಗಂಡ ಆ ಕೋಣೆಯ ಸ್ವಿಚ್ ಬೋರ್ಡ್ ಬದಲಿಸಿದ್ದ. ಮೊದಲ ಸ್ವಿಚ್ಚಿಗೆ ವೈರ್ ಕೊಡುವುದು ಹಾಗೇ ಉಳಿದಿತ್ತು. ನಾಳೆ ನಾಳೆ ಎನ್ನುತ್ತಿದ್ದ.

ಟಕ್.

ಅವಳು ಬಾಗಿಲ ಹತ್ತಿರ ಹೋಗಿ ಬಹಳ ಹೊತ್ತು ನಿಂತಳು.

"ಅದಲ್ಲ ಅತ್ತೆ. ಕೊನೇದು."

ಬಾಗಿಲ ಕೆಳಗೆ ಬೆಳಕಿನ ಗೆರೆ ಮೂಡಿತು. ಅವಳು ಒಂದು ಲೋಟವನ್ನು ಆ ಗೆರೆಯ ಮುಂದಿಟ್ಟು, ಇನ್ನೊಂದನ್ನು ಹಿಡಿದು ಅಡುಗೆಮನೆಗೆ ಹೋಗಿ ಕೂತಳು.