ಸಂದರ್ಶನದ ಬದಲು ಐದು ಅಂಗಡಿ

ಅಕ್ಕನ ಮನೆಯಲ್ಲಿ ಅವಳನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಭಾವ ಇಟ್ಟ ಹೆಸರು ಅದು. ಮನೆಯಲ್ಲಿ ಅವಳೇನೂ ಬಾಯಿಗೆ ಬೀಗ ಹಾಕಿಕೊಂಡವಳಲ್ಲ. ಆದರೆ ಸಂದರ್ಶನದ ಕೋಣೆಗೆ ಹೋಗಿ ಕೂತು, ಎದುರಿಗಿದ್ದವರು "ನಿಮ್ಮ ಬಗ್ಗೆ ಹೇಳಿ" ಅಂದ ಕೂಡಲೇ ತಡವರಿಸಿಬಿಡುತ್ತಿದ್ದಳು. ಕಾಮರ್ಸ್ ಡಿಗ್ರಿ ಮುಗಿಸಿ ವರ್ಷ ಕಳೆಯುತ್ತಾ ಬಂದಿತ್ತು. ಹೋದ ಕಡೆಯೆಲ್ಲ ಅದೇ ಪ್ರಶ್ನೆ, ಅದೇ ತಡವರಿಕೆ, ಕೊನೆಗೆ ಅದೇ "ತಿಳಿಸ್ತೀವಿ". ತಿಳಿಸಿದವರು ಯಾರೂ ಇರಲಿಲ್ಲ.

ನಡುವೆ ಎರಡು ಕಂಪನಿಗಳು "ಒಂದು ಸಣ್ಣ ಅಸೈನ್‌ಮೆಂಟ್ ಮಾಡಿ ಕಳಿಸಿ, ನೋಡ್ತೀವಿ" ಎಂದಿದ್ದವು. ಅವಳು ನಿದ್ದೆಗೆಟ್ಟು ಮಾಡಿ ಕಳಿಸಿದಳು. ಒಬ್ಬರು ಉತ್ತರ ಕೊಡಲಿಲ್ಲ. ಇನ್ನೊಬ್ಬರ ವೆಬ್‌ಸೈಟಿನಲ್ಲಿ ಅವಳು ಬರೆದುಕೊಟ್ಟಿದ್ದ ಸಾಲುಗಳೇ ಕಾಣಿಸಿಕೊಂಡವು. ಅದನ್ನು ನೋಡಿದ ದಿನ ಅವಳಿಗೆ ಸಿಟ್ಟೂ ಬರಲಿಲ್ಲ. ಬರೀ ಸುಸ್ತು.

ಹೀಗಿರುವಾಗ ಲಾಂಡ್ರಿ ಅಂಗಡಿಗಳಿಗೆ ಆ್ಯಪ್ ಮಾಡುವ ಒಂದು ಪುಟ್ಟ ಸ್ಟಾರ್ಟಪ್ ಗ್ರಾಹಕರ ಜೊತೆ ಮಾತಾಡಲು ಜನ ಬೇಕೆಂದು ಜಾಹೀರಾತು ಹಾಕಿತು. ಬಟ್ಟೆ ಕೊಟ್ಟಾಗ ಅಂಗಡಿಯವರು ಆ್ಯಪಿನಲ್ಲಿ ಬರೆದುಕೊಂಡರೆ, ಬಟ್ಟೆ ಸಿದ್ಧವಾದಾಗ ಗಿರಾಕಿಯ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ಅದಕ್ಕೆ ಅಂಗಡಿಯವರು ತಿಂಗಳಿಗಿಷ್ಟು ಎಂದು ಕಟ್ಟಬೇಕು. ಇಷ್ಟೇ ವ್ಯವಹಾರ.

ಅವಳು ಅರ್ಜಿಯ ಜೊತೆ, ಕಂಪನಿ ಕಟ್ಟಿದ ಫೌಂಡರಿಗೇ ನೇರವಾಗಿ ಬರೆದಳು.

"ಸರ್, ಸಂದರ್ಶನದಲ್ಲಿ ನಾನು ಚೆನ್ನಾಗಿ ಮಾತಾಡುವುದಿಲ್ಲ. ಅದರ ಬದಲು ಒಂದು ಸಣ್ಣ ಕೆಲಸ ಕೊಟ್ಟು ನೋಡಿ. ನಿಮ್ಮ ಆ್ಯಪ್ ಬಿಟ್ಟುಹೋದ ಐದು ಅಂಗಡಿಗಳಿಗೆ ಹೋಗಿ, ಯಾಕೆ ಬಿಟ್ಟರು ಎಂದು ಕೇಳಿಕೊಂಡು ಬಂದು ಎರಡು ಪುಟದಲ್ಲಿ ಬರೆದು ಕೊಡುತ್ತೇನೆ. ಒಂದು ವಾರ ಸಾಕು. ಇದಕ್ಕೆ ಎರಡು ದಿನದ ಕೂಲಿಯಷ್ಟು ಕೊಟ್ಟರೆ ಆಯಿತು. ಕೆಲಸಕ್ಕೆ ತೆಗೆದುಕೊಂಡರೂ ಬಿಟ್ಟರೂ ಅದನ್ನು ಕೊಡಬೇಕು. ಬರೆದದ್ದು ನಿಮ್ಮದೇ."

ಡ್ಯೂಟಿ ಮುಗಿಸಿ ಬಂದ ಅಕ್ಕ, ನರ್ಸ್ ಸಮವಸ್ತ್ರ ಕೂಡ ಬಿಚ್ಚದೆ, ಅಡುಗೆಮನೆಯಲ್ಲಿ ನಿಂತೇ ಅದನ್ನು ಓದಿದಳು.

"ಇಂಟರ್‌ವ್ಯೂ ಬೇಡ, ದುಡ್ಡು ಮಾತ್ರ ಕೊಡಿ ಅಂತ ಕೇಳ್ತಿದೀಯಲ್ಲೇ! ಯಾರಾದರೂ ಹೀಗೆ ಕೇಳ್ತಾರಾ?"

"ಪುಕ್ಕಟೆ ಮಾಡಿ ನೋಡಿಯಾಯ್ತಲ್ಲ ಅಕ್ಕಾ."

ಅಕ್ಕ ಮೊಬೈಲ್ ವಾಪಸ್ ಕೊಟ್ಟಳು. "ಕಳಿಸು ಹಾಗಾದ್ರೆ. ಮಾತಾಡದ ಮೌನಿ ಐದು ಅಂಗಡಿಗೆ ಹೋಗಿ ಮಾತಾಡ್ತಾಳಂತೆ. ನಿನ್ನ ಭಾವನಿಗೆ ಹೇಳಬೇಕು, ಒಂದು ವಾರ ನಗ್ತಾರೆ."

ಮಾರನೆಯ ದಿನ ಫೌಂಡರ್ ಫೋನ್ ಮಾಡಿದ. ಮೂವತ್ತರ ಆಸುಪಾಸಿನವನ ದನಿ, ಆದರೆ ವಯಸ್ಸಾದವರ ಹಾಗೆ ದಣಿದಿತ್ತು.

"ಟ್ರಯಲ್ ಕೆಲಸಕ್ಕೆ ಸಾಮಾನ್ಯವಾಗಿ ಯಾರೂ ದುಡ್ಡು ಕೊಡಲ್ಲ, ಗೊತ್ತಲ್ವಾ?"

"ಗೊತ್ತು ಸರ್."

ಆ ಕಡೆ ಅವನು ಗೊಣಗುತ್ತಾ ಏನೋ ಲೆಕ್ಕ ಹಾಕಿದ.

"ಸರಿ. ಕೊಡ್ತೀನಿ. ಆದರೆ ನೀವು ಹುಡುಕೋಕೆ ಹೊರಟಿರೋದು ನಮಗೆ ಆಗಲೇ ಗೊತ್ತು. ಆ್ಯಪ್ ಬಿಡುವಾಗ ಎಲ್ಲರೂ 'ಬೆಲೆ ಜಾಸ್ತಿ' ಅಂತಾನೇ ಒತ್ತಿದಾರೆ. ನಾವು ಬೆಲೆ ಅರ್ಧ ಮಾಡಿದ್ವಿ, ಆದರೂ ಬಿಡ್ತಾನೇ ಇದಾರೆ. ಹೋಗಿ ನೋಡಿ. ನೀವು ಬರ್ತೀರ ಅಂತ ಅಂಗಡಿಯವರಿಗೆ ನಾನೇ ಮೆಸೇಜ್ ಹಾಕಿರ್ತೀನಿ."

ಹೊರಡುವ ಮೊದಲು ಅವಳು ಆ್ಯಪ್ ಇಳಿಸಿಕೊಂಡು ತಾನೇ ಒಂದು ಸುಳ್ಳು ಅಂಗಡಿ ತೆರೆದಳು. ಆಮೇಲೆ ಅದನ್ನು ಬಿಡುವ ಪುಟಕ್ಕೆ ಹೋದಳು. ಕಾರಣ ಆರಿಸಿ ಎಂದಿತ್ತು. ಎಲ್ಲಕ್ಕಿಂತ ಮೇಲೆ, ಮೊದಲೇ ಗುರುತು ಬಿದ್ದು ಕೂತಿದ್ದ ಕಾರಣ 'ಬೆಲೆ ಜಾಸ್ತಿ'. ಕೆಳಗೆ 'ಮುಂದೆ' ಎಂಬ ಗುಂಡಿ. ಬೇಸತ್ತು ಹೊರಡುವವರು ಕಾರಣ ಆರಿಸುತ್ತಾ ಕೂರುತ್ತಾರೆಯೇ? ಅವಳೂ ಕೂರಲಿಲ್ಲ, ಗುಂಡಿ ಒತ್ತಿ ಹೊರಬಂದಳು.

ಮೊದಲನೆಯ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ಲಾಂಡ್ರಿಯವರು ಎಲ್ಲಿಗೆ ಹೋದರೋ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಕಡೆ ಇಸ್ತ್ರಿ ಪೆಟ್ಟಿಗೆಯ ಹಬೆಯ ನಡುವೆ ನಿಂತಿದ್ದ ಭಾರಿ ಗಾತ್ರದ ಮಾಲೀಕ ಕಂಪನಿಯ ಹೆಸರು ಕೇಳುತ್ತಲೇ ಕಿಡಿಕಿಡಿಯಾದ.

"ಈಗ ನೆನಪಾಯ್ತಾ ನಾವು? ಬಟ್ಟೆ ಇನ್ನೂ ನೀರಲ್ಲೇ ಇರುತ್ತೆ, ಗಿರಾಕಿಗೆ 'ಸಿದ್ಧವಾಗಿದೆ' ಅಂತ ಮೆಸೇಜ್ ಹೋಗಿರುತ್ತೆ. ಒಬ್ಬರು ಕೋಟು ಕೇಳ್ಕೊಂಡು ಬಂದ್ರು. ಆವತ್ತೇ ಅವರಿಗೆ ಯಾವುದೋ ದೊಡ್ಡ ಮೀಟಿಂಗು. ಕೋಟು ಹಿಂಡಿದ್ರೆ ನೀರು ಸೋರೋ ಹಾಗಿತ್ತು. ಎಲ್ಲರ ಮುಂದೆ ನನ್ನ ಮಾನ ಹರಾಜು ಹಾಕಿ ಹೋದ್ರು."

"ನೀವು ಒತ್ತದೇನೇ ಮೆಸೇಜ್ ಹೋಯ್ತಾ ಅಣ್ಣಾ?"

"ಒತ್ತಿದ್ರೆ ನಾನ್ಯಾಕೆ ಬೈತಿದ್ದೆ?"

ಅವನ ಹಳೆಯ ಮೊಬೈಲಿನಲ್ಲಿ ಆ್ಯಪ್ ಇನ್ನೂ ಇತ್ತು. ಇಬ್ಬರೂ ಸೇರಿ ತಡಕಾಡಿದರು. ಸೆಟ್ಟಿಂಗಿನ ಒಳಗಿನ ಮೂಲೆಯಲ್ಲಿ ಒಂದು ಸಾಲು ಸಿಕ್ಕಿತು: ಎರಡು ದಿನವಾದ ಬಟ್ಟೆಯನ್ನು ಆ್ಯಪೇ 'ಸಿದ್ಧ' ಎಂದು ಗುರುತಿಸುತ್ತದೆ. ಅದನ್ನು ಯಾರೂ ಆನ್ ಮಾಡಿರಲಿಲ್ಲ. ಅದು ಆನ್ ಆಗಿಯೇ ಬರುತ್ತಿತ್ತು.

"ಇದನ್ನ ಆಫ್ ಮಾಡಬಹುದಿತ್ತು ಅಣ್ಣಾ."

"ಹಾಗಂತ ಹೇಳೋಕೆ ಒಬ್ಬರಾದರೂ ಫೋನ್ ಎತ್ತಬೇಕಲ್ಲಮ್ಮಾ."

ಮೂರನೆಯ, ನಾಲ್ಕನೆಯ ಅಂಗಡಿಗಳಲ್ಲೂ ಬೇರೆ ಬೇರೆ ಮಾತಿನಲ್ಲಿ ಅದೇ ಫೋನೆತ್ತದ ಕಥೆ. ಒಬ್ಬಾಕೆಯ ಮೊಬೈಲ್ ಹಾಳಾಗಿ ಹೊಸದರಲ್ಲಿ ಲಾಗಿನ್ ಆಗಿರಲಿಲ್ಲ. ಎಷ್ಟು ಸಲ ಫೋನ್ ಮಾಡಿದರೂ ರಿಂಗಾಗಿ ರಿಂಗಾಗಿ ನಿಂತಿತ್ತಂತೆ. ಬೆಲೆಯ ಮಾತನ್ನು ಯಾರೂ ಎತ್ತಲಿಲ್ಲ. ಅವಳೇ ಕೇಳಿದಾಗ, "ಅದೇನು ಮಹಾ ದುಡ್ಡು ಬಿಡಮ್ಮಾ" ಅಂದರು.

ವಿಚಿತ್ರವೆಂದರೆ, ಈ ಅಂಗಡಿಗಳಲ್ಲಿ ಅವಳು ತಡವರಿಸಲಿಲ್ಲ. ಇಲ್ಲಿ ತನ್ನ ಬಗ್ಗೆ ಹೇಳಿಕೊಳ್ಳುವ ಗೋಜಿರಲಿಲ್ಲ. ಬೇರೆಯವರ ಬಗ್ಗೆ ಕೇಳಿದರೆ ಸಾಕಿತ್ತು.

ಐದನೆಯದು ಗಂಡ ಹೆಂಡತಿ ನಡೆಸುತ್ತಿದ್ದ ಅಂಗಡಿ. ಗಂಡ ಇಸ್ತ್ರಿ ಮಾಡುತ್ತಾ ತಲೆ ಎತ್ತಲಿಲ್ಲ. ಹೆಂಡತಿ ಬಟ್ಟೆ ಮಡಚುತ್ತಾ ಮಾತಾಡಿದಳು. ಆ ಹೆಂಗಸಿಗೆ ಸಿಟ್ಟಿರಲಿಲ್ಲ. ಕೇಳುವವಳಿಗೆ ಅದೇ ಹೆಚ್ಚು ಕಷ್ಟವಾಯಿತು.

"ಆ ಆ್ಯಪ್ ಮಾಡಿದವನೇ ಬಂದು ಹಾಕಿಕೊಟ್ಟಿದ್ದ. ಇಗೋ, ಈ ಸ್ಟೂಲ್ ಮೇಲೆ ಕೂತು, ನಮ್ಮ ಜೊತೆ ಟೀ ಕುಡಿದು, ಮಧ್ಯಾಹ್ನ ಪೂರ್ತಿ ಹೇಳಿಕೊಟ್ಟ. ಅಕ್ಕಾ ಅಕ್ಕಾ ಅಂತ ಒಡಹುಟ್ಟಿದವನ ಹಾಗೆ. ಏನಿದ್ರೂ ನನಗೇ ಫೋನ್ ಮಾಡಿ ಅಂದ. ನಾವು ಇನ್ನೂ ನಾಲ್ಕು ಅಂಗಡಿಯವರಿಗೆ ಹೇಳಿ ಹಾಕಿಸಿದ್ವಿ. ಆಮೇಲೆ ತೊಂದರೆ ಬಂದಾಗ ಫೋನೇ ಎತ್ತಲಿಲ್ಲ. ಆ ನಾಲ್ಕು ಜನಾನೂ ನಮ್ಮನ್ನೇ ಕೇಳ್ತಾರೆ. ನಾವೇನು ಹೇಳೋಣ?"

ಮನೆಗೆ ಬಂದು ಅವಳು ಬರೆಯಲು ಕೂತಳು. ಮೊದಲು 'ಗ್ರಾಹಕ ಸೇವೆಯಲ್ಲಿ ಸುಧಾರಣೆಗೆ ಅವಕಾಶವಿದೆ' ಎಂದು ಬರೆದಳು. ಓದಿ ನೋಡಿದಳು. ಯಾರಿಗೂ ನೋವಾಗದ, ಯಾರಿಗೂ ಉಪಯೋಗವಿಲ್ಲದ ಸಾಲು. ಕೆಲಸ ಕೊಡಬೇಕಾದವನೇ ಈ ಫೌಂಡರ್. ತಪ್ಪು ನಿಮ್ಮದೇ ಅಂದರೆ ಆ ಬಾಗಿಲೂ ಮುಚ್ಚಿದ ಹಾಗೆ.

ಭಾವ ಊಟದ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತ. "ಯಾಕೆ ಮೌನಿ, ಬರವಣಿಗೆಯಲ್ಲೂ ಮೌನವಾ?"

ಅವಳು ವಿಷಯ ಹೇಳಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಭಾವ ಅಗಿಯುತ್ತಾ ಯೋಚಿಸಿದ.

"ಬ್ರೇಕ್ ಕೆಟ್ಟಿದೆ ಅಂತ ನಾನು ಬರೆದ್ರೆ ಡ್ರೈವರಿಗೂ ಬೇಜಾರು, ಮ್ಯಾನೇಜರಿಗೂ ಬೇಜಾರು. ಅದಕ್ಕೆ ಬರೀದೇ ಇರೋಕಾಗುತ್ತಾ? ಕೂಲಿ ಬೇಕು ಅಂತ ಕೇಳಿ ಒಪ್ಪಿಸಿದೀಯ. ಕಂಡಿದ್ದನ್ನ ಬರಿ. ನಿನ್ನ ಕಡೆಯಿಂದ ಒಗ್ಗರಣೆ ಹಾಕಬೇಡ, ಅಷ್ಟೆ."

ಅವಳು ಮೊದಲ ಸಾಲನ್ನು ಅಳಿಸಿದಳು. ಅಂಗಡಿಯವರ ಮಾತುಗಳನ್ನು ಅವರು ಆಡಿದ ಹಾಗೆಯೇ ಬರೆದಳು. 'ಬೆಲೆ ಜಾಸ್ತಿ' ಮೊದಲೇ ಗುರುತಾಗಿರುವುದನ್ನು ಬರೆದಳು, ತಾನಾಗಿ ಹೋಗುವ ಮೆಸೇಜಿನ ಬಗ್ಗೆ ಬರೆದಳು. ಸಿಕ್ಕಿದ್ದು ನಾಲ್ಕೇ ಅಂಗಡಿ, ಇಷ್ಟರಿಂದ ಎಲ್ಲರದೂ ಇದೇ ಕಾರಣ ಎನ್ನಲಾಗದು ಎಂದೂ ಸೇರಿಸಿದಳು. ಕೊನೆಗೆ, 'ನಾಲ್ವರೂ ಹೇಳಿದ್ದು ಒಂದೇ: ಫೋನ್ ಮಾಡಿದರೆ ನೀವು ಎತ್ತಲಿಲ್ಲ' ಎಂದು ಬರೆದು ಕಳಿಸಿಬಿಟ್ಟಳು.

ಒಪ್ಪಿಕೊಂಡಿದ್ದ ಹಣ ಮಾರನೆಯ ಸಂಜೆಯೇ ಬಂತು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಮುಗಿಯಿತು ಅಂದುಕೊಂಡಳು. ಎರಡು ದಿನ ಬಿಟ್ಟು, "ಆಫೀಸಿಗೆ ಬರ್ತೀರಾ?" ಎಂಬ ಮೆಸೇಜ್ ಬಂತು.

ಟಯರ್ ಅಂಗಡಿಯ ಮೇಲಿನ ಒಂದು ಕೋಣೆ ಅದು. ರಬ್ಬರಿನ ವಾಸನೆ ಮೆಟ್ಟಿಲಿನ ತನಕ ಏರಿ ಬರುತ್ತಿತ್ತು. ಆರು ಮೇಜುಗಳಿದ್ದವು, ಜನ ಇಬ್ಬರೇ. ಕಿಟಕಿಯ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಪ್ರೋಗ್ರಾಮರ್. ಈ ಕಡೆ ಫೌಂಡರ್, ಎದುರಿಗೆ ಬೋರಲು ಮಲಗಿಸಿದ ಮೊಬೈಲು.

"ನಾನೇ ಕಾರಣ ಅಂತ ಬರೆದಿದೀರಿ."

"ಅವರು ಹೇಳಿದ್ದನ್ನ ಬರೆದೆ ಸರ್."

ಅವನು ಕಣ್ಣುಜ್ಜಿಕೊಂಡ. "ಗೊತ್ತಿತ್ತು ನನಗೆ. ಮೊದಮೊದಲು ಎಲ್ಲರ ಫೋನೂ ಎತ್ತುತ್ತಿದ್ದೆ. ಆಮೇಲೆ ಯಾರು ಮಾಡಿದ್ರೂ ಅದೇ ದೂರು. ದುಡ್ಡು ಹಾಕಿದೋರು ಹೊಸದು ಮಾಡಿ, ಹೊಸದು ಮಾಡಿ ಅಂತ ಕೂತಿದ್ರು. ಹಳೇದು ಸರಿ ಮಾಡೋದು ಮುಂದಕ್ಕೆ ಹೋಯ್ತು. ಸರಿ ಮಾಡ್ತೀನಿ ಅಂತ ಎಷ್ಟು ಸಲ ಹೇಳೋದು? ಆಮೇಲಾಮೇಲೆ ಫೋನ್ ರಿಂಗಾದ್ರೇನೇ ಬೋರಲು ಹಾಕಿಬಿಡ್ತಿದ್ದೆ."

ಅವಳಿಗೆ ಸಂದರ್ಶನದ ಕೋಣೆಗಳು ಕಣ್ಮುಂದೆ ಬಂದವು.

"ಕೆಲಸ ಕೊಡ್ತೀನಿ. ಆ ಫೋನ್ ನೀವು ಎತ್ತಬೇಕು. ಸಂಬಳ ಜಾಸ್ತಿ ಇರಲ್ಲ. ಎಷ್ಟು ದಿನ ನಡೆಯುತ್ತೋ ಅದೂ ಹೇಳಲಾರೆ."

ವರ್ಷದಿಂದ ಕಾದ ಮಾತು. ಆದರೆ ಅದು ಕಿವಿಗೆ ಬಿದ್ದಾಗ ಕುಣಿದಾಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಆ ಮೆಸೇಜು ತಾನಾಗಿ ಹೋಗೋದು ನಿಲ್ಲದಿದ್ರೆ, ಫೋನೆತ್ತಿ ನಾನೇನು ಹೇಳಲಿ ಸರ್? ನಿಮಗಾಗಿದ್ದೇ ನನಗೂ ಆಗುತ್ತೆ. ಮೊದಲು ಅದನ್ನ ತೆಗೀರಿ. ಆಮೇಲೆ ಬರ್ತೀನಿ."

ಫೌಂಡರ್ ಅವಳನ್ನೇ ನೋಡಿದ. "ಈಗ ಯಾರು ಯಾರ ಇಂಟರ್‌ವ್ಯೂ ಮಾಡ್ತಿರೋದು?"

ಕಿಟಕಿಯ ಪಕ್ಕದಿಂದ ಪ್ರೋಗ್ರಾಮರ್ ಹೆಡ್‌ಫೋನಿನ ಒಂದು ಕಿವಿ ಸರಿಸಿ ಹೇಳಿದ: "ಅರ್ಧ ದಿನದ ಕೆಲಸ ಅದು. ಹೋದ ವರ್ಷದಿಂದ ಹೇಳ್ತಾನೇ ಇದೀನಿ."

ಕೆಳಗೆ ಟಯರಿಗೆ ಗಾಳಿ ತುಂಬುವ ಸದ್ದು ಕೇಳುತ್ತಿತ್ತು.

ಆ ವಾರವೇ ಆ ಸೆಟ್ಟಿಂಗು ಹೋಯಿತು. ಅವಳು ಕೆಲಸಕ್ಕೆ ಸೇರಿದಳು. ಮೊದಲ ದಿನಗಳಲ್ಲಿ ಬರೀ ಬೈಗುಳ. ಅವಳು ಕೇಳಿಸಿಕೊಂಡಳು, ಬರೆದುಕೊಂಡಳು, ಸರಿಯಾದ ಮೇಲೆ ತಾನೇ ತಿರುಗಿ ಫೋನ್ ಮಾಡಿ ಹೇಳಿದಳು. ಕೋಟಿನ ವಿಷಯಕ್ಕೆ ಮಾನ ಹೋಗಿದ್ದ ಮಾಲೀಕ ಗೊಣಗುತ್ತಲೇ ಮತ್ತೆ ಸೇರಿಕೊಂಡ. ಬಿಟ್ಟುಹೋದವರಲ್ಲಿ ಹೆಚ್ಚಿನವರು ತಿರುಗಿ ನೋಡಲಿಲ್ಲ.

ಒಂದು ಮಧ್ಯಾಹ್ನ ಫೌಂಡರ್ ಅವಳ ಮೇಜಿನ ಹತ್ತಿರ ಬಂದು ನಿಂತ. "ಆ ಗಂಡ ಹೆಂಡತಿ ಅಂಗಡಿಗೆ ಹೋಗಿ ಬರೋಣ. ಒಬ್ಬನೇ ಹೋಗೋಕೆ ಆಗ್ತಿಲ್ಲ."

ಇಬ್ಬರೂ ಹೋದರು. ಅವನನ್ನು ಕಂಡು ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಕೂರು ಅನ್ನಲಿಲ್ಲ. ಅವನು ನಿಂತೇ "ತಪ್ಪಾಯ್ತು ಅಕ್ಕಾ" ಅಂದ. ಆಕೆ ಮನಸ್ಸಿನಲ್ಲಿದ್ದದ್ದನ್ನೆಲ್ಲ, ಒಂದೂ ಬಿಡದೆ, ನಿಧಾನವಾಗಿ ಹೇಳಿದಳು. ಅವನು ಅಡ್ಡ ಮಾತಾಡದೆ ಕೇಳಿದ. ಗಿರಾಕಿಗಳು ಬಂದರು, ಹೋದರು. ಕೊನೆಗೆ ಆಕೆ, "ಬಂದು ಹೇಳಿದ್ಯಲ್ಲ, ಅಷ್ಟು ಸಾಕು. ಆದರೆ ಆ ಆ್ಯಪ್ ಇನ್ನು ನಮಗೆ ಬೇಡಪ್ಪ" ಅಂದಳು. ಗಂಡ ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತಿ ಹೌದೆಂಬಂತೆ ತಲೆಯಾಡಿಸಿದ.

ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಅವನು ಕಿಟಕಿಗೆ ತಲೆಯಾನಿಸಿ ನಿದ್ದೆಹೋದ. ಅವಳಿಗೂ ಕಣ್ಣು ಎಳೆಯುತ್ತಿತ್ತು. ಆದರೆ ಇಳಿಯುವ ಜಾಗ ತಪ್ಪಿಹೋಗದಂತೆ ನೋಡಲು ಒಬ್ಬರಾದರೂ ಎಚ್ಚರವಿರಬೇಕಿತ್ತು.