ಭಾವನಿಗೆ ತಲುಪದ ವಿಡಿಯೊ

ಹಡಗು ಕಂಪನಿಯ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸಮುದ್ರದ ಮೇಲಿರುವವರಿಗೆ ಮನೆಯವರು ಏನೇ ಕಳಿಸಿದರೂ ಕಂಪನಿಯ ವೆಬ್‌ಸೈಟಿನ ಮೂಲಕವೇ; ಹಡಗಿನಲ್ಲಿ ಬೇರೇನೂ ತೆರೆಯುವುದಿಲ್ಲ. ನನ್ನ ಭಾವ ಅಲ್ಲಿ ಎಂಜಿನಿಯರ್. ಈ ಸಲ ಅವರು ಹೊರಡುವಾಗ ಅಕ್ಕ ಸಿಟ್ಟಿನಲ್ಲಿ, "ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಅಂದುಬಿಟ್ಟಿದ್ದಳು. ಈಗ ಕರಾರು ಮುಗಿದಿತ್ತು. ಮನೆಗೆ ಬರುವುದೋ, ಇನ್ನೊಂದು ವರ್ಷಕ್ಕೆ ಸಹಿ ಹಾಕುವುದೋ, ಭಾವ ಅವತ್ತೇ ತೀರ್ಮಾನಿಸಬೇಕಿತ್ತು.

ಮನೆಯಿಂದ ಏನಾದರೂ ಬಂದು ನಿಮ್ಮಲ್ಲಿ ಸಿಕ್ಕಿಕೊಂಡಿದೆಯೇನಮ್ಮ ಎಂದು ಬೆಳಿಗ್ಗೆ ಅವರ ಸಂದೇಶ ಬಂತು. ಬಂದದ್ದೆಲ್ಲ ದಾಖಲಾಗುವ ವೆಬ್‌ಸೈಟಿನ ಲಾಗ್ ನೋಡಿದೆ. ಅಕ್ಕನ ಹಳೇ ಫೋಟೊಗಳು ಬಿಟ್ಟರೆ, ಕಳಿಸಲು ನೋಡಿದ ಗುರುತೂ ಇಲ್ಲ. ಏನೂ ಬಂದಿಲ್ಲ ಭಾವ ಎಂದು ಬರೆದೆ. ಇವಳಿಗೇನು ಬಂದಿದೆ ದೊಡ್ಡ ರೋಗ, ಒಂದು ಮಾತು ಕಳಿಸೋಕೆ ಎಂದು ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಅವಳೇ ಆಫೀಸಿಗೆ ಬಂದಳು, ಕಣ್ಣು ಊದಿಸಿಕೊಂಡು. ವಾರದಿಂದ ವಿಡಿಯೊ ಕಳಿಸುತ್ತಲೇ ಇದ್ದಾಳಂತೆ. ಪ್ರತಿ ಸಲವೂ "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಎಂದು ಬರುತ್ತದಂತೆ.

"ನಾನು ಮಾತಾಡಿದ್ದೇ ತಪ್ಪೇನೋ ಅನ್ಕೊಂಡೆ ಕಣೆ. ಪ್ರತಿ ಸಲ ಹೊಸದಾಗಿ ಮಾಡ್ದೆ."

ನಗು ಬಂತು, ಆದರೆ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ನನ್ನೆದುರೇ ಕಳಿಸು ಎಂದೆ. ಮತ್ತೆ ಅದೇ ಸಾಲು. ಲಾಗಿನಲ್ಲಿ ಮಾತ್ರ ಏನೂ ಇಲ್ಲ. ಆಗ ಹೊಳೆಯಿತು.

ವಿಡಿಯೊಗಳಿಗೆಂದು ಒಂದು ಸಲಕ್ಕೆ ಕಳಿಸಬಹುದಾದ ಗಾತ್ರದ ಮಿತಿಯನ್ನು ಐನೂರು ಎಂಬಿಗೆ ಏರಿಸಿದ್ದವಳು ನಾನೇ. ಏರಿಸಿದ್ದು ಒಳಗಿನ ಪ್ರೋಗ್ರಾಮಿನಲ್ಲಿ ಮಾತ್ರ. ಅದರ ಮುಂದೆ ನಿಂತು ಬಂದದ್ದನ್ನೆಲ್ಲ ಒಳಗೆ ದಾಟಿಸುವ ಪ್ರಾಕ್ಸಿಯಲ್ಲಿ ಇಪ್ಪತ್ತೇ ಎಂಬಿ. ಫೋಟೊ ದಾಟುತ್ತಿತ್ತು, ವಿಡಿಯೊ ಹೊಸ್ತಿಲಲ್ಲೇ ವಾಪಸು. ಒಳಗಿನ ಪ್ರೋಗ್ರಾಮಿಗೂ, ನಾನು ನೋಡಿದ ಅದರ ಲಾಗಿಗೂ ಸುದ್ದಿಯೇ ಇಲ್ಲ. ಪ್ರಾಕ್ಸಿಯ ಲಾಗ್ ತೆರೆದರೆ ಸಾಲುಸಾಲು 413, ಅಂದರೆ ಕಳಿಸಿದ್ದು ಮಿತಿ ಮೀರಿದೆ. ನಮ್ಮ ಪುಟ ಅದನ್ನು ಬಿಡಿಸಿ ಹೇಳದೆ ಏನೋ ತಪ್ಪು ಅಂದು ಕೈತೊಳೆದುಕೊಂಡಿತ್ತು.

ಅಲ್ಲೂ ಐನೂರು ಮಾಡಿ ಪ್ರಾಕ್ಸಿಯನ್ನು ರೀಲೋಡ್ ಮಾಡಿದೆ. ಯಾವುದನ್ನು ಕಳಿಸಲಿ ಎಂದಳು ಅಕ್ಕ. ಒಂದೊಂದಾಗಿ ತೋರಿಸಿದಳು. ಮೊದಲನೆಯದರಲ್ಲಿ ಮನೆಗೆ ಬನ್ನಿ ಎಂದು ಬಾಯಿಬಿಟ್ಟು ಕರೆದಿದ್ದಳು; ಆಮೇಲಿನವುಗಳಲ್ಲಿ ಸಂಕೋಚಪಟ್ಟು ಒಂದೊಂದೇ ಮಾತು ಬಿಡುತ್ತ ಬಂದಿದ್ದಳು. ಕೊನೆಯದರಲ್ಲಿ ಬನ್ನಿ ಎಂಬುದೇ ಇರಲಿಲ್ಲ. ಮೊದಲನೆಯದನ್ನೇ ಕಳಿಸು ಎಂದೆ. ಹೋಯಿತು.

ಸುಮಾರು ಹೊತ್ತಾದ ಮೇಲೆ ಅಕ್ಕನ ಫೋನಿಗೆ ಭಾವನ ಉತ್ತರ ಬಂತು. ನೋಡಿದೆ, ಎರಡು ಸಲ ನೋಡಿದೆ. ಏನೂ ಬಂದಿಲ್ಲ ಅಂದಳಲ್ಲ ನಿನ್ನ ತಂಗಿ, ಬೆಳಿಗ್ಗೆಯೇ ಸಹಿ ಹಾಕಿಬಿಟ್ಟೆ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಪ್ಪು ನನ್ನದು, ನಾನೇ ಬರೆದು ಹೇಳುತ್ತೇನೆ ಎಂದು ಏನೇನೋ ಒದರಿದೆ. ಅಕ್ಕ ಫೋನನ್ನು ಮಡಿಲಲ್ಲಿಟ್ಟುಕೊಂಡಳು.

"ಒಂದು ವರ್ಷ ತಾನೇ, ಕಾಯ್ತೀನಿ ಬಿಡು," ಎಂದಳು. "ನಾನು ಕರೀಲೇ ಇಲ್ಲ ಅನ್ಕೊಂಡು ಸಹಿ ಹಾಕಿದ್ರಲ್ಲ, ಅದೇ ಸಂಕಟ."